ಕಾಲಾನುಕ್ರಮ ಪ್ರಶ್ನೆ: ಬಸ್ತಿಹಳ್ಳಿಯ ಶಾಸನಗಳಿಂದ ಒಂದು ಪರಿಶೀಲನೆ

ಮೂರು, ನಾಲ್ಕು ಅಥವಾ ಐದು ಐತಿಹಾಸಿಕ ಘಟನೆಗಳನ್ನು ಕಲಸಿ ಕೊಟ್ಟು, ಅವು ನಡೆದ ಸರಿಯಾದ ಕ್ರಮವನ್ನು ಗುರುತಿಸುವಂತೆ ಕೇಳುವ ಪ್ರಶ್ನೆಗೆ ಕಾಲಾನುಕ್ರಮ ಪ್ರಶ್ನೆ ಎಂದು ಹೆಸರು. ಘಟನೆಗಳಿಗೆ ಎ, ಬಿ, ಸಿ, ಡಿ ಎಂಬ ಸಂಕೇತಗಳಿರುತ್ತವೆ. ಉತ್ತರದ ಆಯ್ಕೆಗಳಲ್ಲಿ ಘಟನೆಗಳ ಹೆಸರು ಬರುವುದಿಲ್ಲ. ‘ಸಿ-ಎ-ಡಿ-ಬಿ’ ಎಂಬಂಥ ಸರಣಿಗಳು ಮಾತ್ರ ಬರುತ್ತವೆ. ಕೇಂದ್ರ ಲೋಕಸೇವಾ ಆಯೋಗ ಮತ್ತು ಕರ್ನಾಟಕ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಗಳು, ಉಪನ್ಯಾಸಕ ಹುದ್ದೆಯ ಅರ್ಹತೆಗಾಗಿ ನಡೆಯುವ ಇತಿಹಾಸದ ನೆಟ್ ಪರೀಕ್ಷೆ, ಶಿಕ್ಷಕರ ನೇಮಕಾತಿ ಪರೀಕ್ಷೆಗಳು, ಹೀಗೆ ಓಎಂಆರ್ ಹಾಳೆ ಅಥವಾ ಕಂಪ್ಯೂಟರಿನ ಮೇಲೆ ಉತ್ತರಿಸುವ ಬಹುತೇಕ ಎಲ್ಲ ಪರೀಕ್ಷೆಗಳಲ್ಲಿ ಈ ಮಾದರಿ ಕಾಣುತ್ತದೆ. ಘಟನೆಗಳನ್ನು ಕೊಟ್ಟು ಕ್ರಮವನ್ನು ವಿದ್ಯಾರ್ಥಿಯೇ ಬರೆಯಲಿ ಎಂದು ಕೇಳುವ ರೂಪವೂ ಇದೆ. ಆಯ್ಕೆಗಳಿರುವ ರೂಪಕ್ಕೂ ಅದಕ್ಕೂ ಇರುವ ಅಂತರ ಮೇಲೆ ತೋರುವುದಕ್ಕಿಂತ ದೊಡ್ಡದು.

ಈ ಪ್ರಶ್ನೆ ಇಸವಿಗಳ ನೆನಪನ್ನು ಅಳೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಇದು ಅಳೆಯಬೇಕಾದದ್ದು ಘಟನೆಗಳ ನಡುವಿನ ಸಂಬಂಧವನ್ನು. ಯಾವುದು ಯಾವುದಕ್ಕೆ ಕಾರಣ, ಯಾರು ತೀರಿಕೊಂಡ ಮೇಲೆ ಏನಾಯಿತು, ಯಾವ ಹೆಸರು ಯಾವ ಗೆಲುವಿನಿಂದ ಬಂತು ಎಂಬುದು ತಿಳಿದವರಿಗೆ ಇಸವಿ ಮರೆತರೂ ಕ್ರಮ ತಪ್ಪುವುದಿಲ್ಲ. ಇದನ್ನು ನೋಡಲು ಹಳೇಬೀಡಿನ ಬಸ್ತಿಹಳ್ಳಿಗಿಂತ ಒಳ್ಳೆಯ ಸ್ಥಳ ಸಿಗುವುದು ಕಷ್ಟ. ಹೊಯ್ಸಳೇಶ್ವರ ದೇವಾಲಯದಿಂದ ದಕ್ಷಿಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರುವ ಈ ಊರಿನಲ್ಲಿ ಒಂದೇ ಆವರಣದೊಳಗೆ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿ 1133ರದು. ಶಾಂತಿನಾಥ ಬಸದಿ ಇಮ್ಮಡಿ ವೀರಬಲ್ಲಾಳನ ಕಾಲದ್ದು, 1192ರ ಸುಮಾರಿನದು. ಚಿಕ್ಕದಾದ ಆದಿನಾಥ ಬಸದಿಯೂ 12ನೆಯ ಶತಮಾನಕ್ಕೇ ಸೇರಿದ್ದು. ಇಲ್ಲಿನ ಶಾಸನಗಳು ಹೊಯ್ಸಳರ ಏಳಿಗೆಯ ಹೊತ್ತನ್ನೂ, ಐನೂರು ವರ್ಷಗಳ ಬಳಿಕ ಅದೇ ಬಸದಿಯ ಕಂಬಗಳ ಬಗ್ಗೆ ಎದ್ದ ಒಂದು ವ್ಯಾಜ್ಯವನ್ನೂ ಹೇಳುತ್ತವೆ.

ಒಂದು ಪ್ರಶ್ನೆಯನ್ನು ಕಟ್ಟಿ ನೋಡೋಣ.

ಕೆಳಗಿನ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಸರಿಯಾದ ಸಂಕೇತವನ್ನು ಆರಿಸಿ.

ಎ. ಬೇಲೂರಿನ ಚೆನ್ನಕೇಶವ ದೇವರ ಪ್ರತಿಷ್ಠೆ
ಬಿ. ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥನ ಪ್ರತಿಷ್ಠೆ
ಸಿ. ಚೋಳರಿಂದ ತಲಕಾಡು ಹೊಯ್ಸಳರ ವಶವಾದದ್ದು
ಡಿ. ರಾಣಿ ಶಾಂತಲೆಯ ಮರಣ

1) ಎ-ಸಿ-ಡಿ-ಬಿ
2) ಸಿ-ಎ-ಡಿ-ಬಿ
3) ಸಿ-ಎ-ಬಿ-ಡಿ
4) ಎ-ಸಿ-ಬಿ-ಡಿ

ಸರಿಯುತ್ತರ 2. ತಲಕಾಡಿನ ಗೆಲುವು 1116ರ ಹೊತ್ತಿನದು, ಬೇಲೂರಿನ ಪ್ರತಿಷ್ಠೆ 1117ರ ಮಾರ್ಚ್ ತಿಂಗಳಿನದು, ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದು 1131ರಲ್ಲಿ, ಬಸ್ತಿಹಳ್ಳಿಯ ಪ್ರತಿಷ್ಠೆ 1133ರಲ್ಲಿ. ಈ ನಾಲ್ಕು ಇಸವಿಗಳನ್ನು ಬಾಯಿಪಾಠ ಮಾಡಿದವರು ಉತ್ತರ ಬರೆಯುತ್ತಾರೆ. ಆದರೆ ಬಾಯಿಪಾಠವಿಲ್ಲದೆಯೂ ಉತ್ತರಕ್ಕೆ ದಾರಿಯಿದೆ. ಬೇಲೂರಿನ ದೇವರಿಗೆ ಆರಂಭದಲ್ಲಿದ್ದ ಹೆಸರು ವಿಜಯನಾರಾಯಣ. ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ ವಿಷ್ಣುವರ್ಧನ ಆ ಗೆಲುವಿನ ನೆನಪಿಗೆ ದೇವಾಲಯ ಕಟ್ಟಿಸಿದ ಎಂಬುದು ಬಹುಕಾಲದಿಂದ ಬಂದ ವಿವರಣೆ. ಹಾಗಾಗಿ ಸಿ ಮೊದಲು, ಎ ಆಮೇಲೆ. ಮುಂದಿನ ಜೋಡಿಗೆ ಬಸ್ತಿಹಳ್ಳಿಯ ಶಾಸನವೇ ಸುಳಿವು ಕೊಡುತ್ತದೆ. ಬಸದಿಯ ಪ್ರತಿಷ್ಠೆಯ ಪ್ರಸಾದ ರಾಜನಿಗೆ ತಲುಪಿದಾಗ ಅವನಿಗೆ ಗಂಡುಮಗು ಹುಟ್ಟಿದ ಸಂಭ್ರಮವಿತ್ತು. ಆ ಮಗುವಿನ ತಾಯಿ ಲಕ್ಷ್ಮಾದೇವಿ, ಶಾಂತಲೆಯಲ್ಲ. ಶಾಂತಲೆಯ ನಂತರದ ದಿನಗಳಲ್ಲಿ ಪಟ್ಟದ ಸ್ಥಾನದಲ್ಲಿ ಕಾಣುವ ರಾಣಿ ಲಕ್ಷ್ಮಾದೇವಿ ಎಂದು ತಿಳಿದವರು ಡಿ ಮೊದಲು, ಬಿ ನಂತರ ಎಂದು ಊಹಿಸಬಲ್ಲರು. ಇದು ಊಹೆಯೇ ಹೊರತು ಸಾಬೀತಲ್ಲ. ಪರೀಕ್ಷಾ ಕೊಠಡಿಯಲ್ಲಿ ಇಷ್ಟು ಸಾಕು.

ಈ ಪ್ರಶ್ನೆಯ ಆಯ್ಕೆಗಳನ್ನು ಸ್ವಲ್ಪ ಗಮನಿಸಬೇಕು. ನಾಲ್ಕು ಘಟನೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಆ 24ರಲ್ಲಿ ನಾಲ್ಕನ್ನು ಮಾತ್ರ ಪತ್ರಿಕೆಯಲ್ಲಿ ಕೊಡುತ್ತಾರೆ, ಆ ನಾಲ್ಕನ್ನು ಹೇಗೆ ಆರಿಸಿದ್ದಾರೆ ಎಂಬುದರಲ್ಲಿ ಪ್ರಶ್ನೆಯ ಗುಣವಿದೆ. ಮೇಲಿನ ಆಯ್ಕೆಗಳಲ್ಲಿ ಎ ಮತ್ತು ಸಿ ಯಾವಾಗಲೂ ಮೊದಲೆರಡು ಸ್ಥಾನದಲ್ಲಿ, ಬಿ ಮತ್ತು ಡಿ ಕೊನೆಯ ಎರಡರಲ್ಲಿ ಇವೆ. ಹಾಗಾಗಿ ಇಲ್ಲಿ ಕೇಳಿರುವುದು ಎರಡೇ ಸಂಗತಿ: ತಲಕಾಡು ಮೊದಲೋ ಬೇಲೂರು ಮೊದಲೋ, ಶಾಂತಲೆಯ ಮರಣ ಮೊದಲೋ ಬಸದಿ ಮೊದಲೋ. ಒಂದು ಗೊತ್ತಿದ್ದರೆ ಎರಡು ಆಯ್ಕೆಗಳು ಉಳಿಯುತ್ತವೆ, ಎರಡೂ ಗೊತ್ತಿದ್ದರೆ ಮಾತ್ರ ಒಂದು ಉಳಿಯುತ್ತದೆ. ಅರ್ಧ ತಿಳಿದವರಿಗೂ ಪೂರ್ತಿ ತಿಳಿದವರಿಗೂ ವ್ಯತ್ಯಾಸ ತೋರಿಸುವ ಜೋಡಣೆ ಇದು.

ಅದೇ ನಾಲ್ಕು ಘಟನೆಗಳಿಗೆ ‘ಎ-ಬಿ-ಸಿ-ಡಿ, ಸಿ-ಎ-ಡಿ-ಬಿ, ಬಿ-ಡಿ-ಎ-ಸಿ, ಡಿ-ಸಿ-ಬಿ-ಎ’ ಎಂಬ ಆಯ್ಕೆಗಳನ್ನು ಕೊಟ್ಟಿದ್ದರೆ ಏನಾಗುತ್ತಿತ್ತು? ನಾಲ್ಕೂ ಸರಣಿಗಳು ಬೇರೆಬೇರೆ ಅಕ್ಷರದಿಂದ ಶುರುವಾಗುತ್ತವೆ. ಎಲ್ಲಕ್ಕಿಂತ ಹಿಂದಿನದು ತಲಕಾಡು ಎಂದಷ್ಟೇ ತಿಳಿದವರಿಗೆ ಉತ್ತರ ಸಿಕ್ಕಿಬಿಡುತ್ತದೆ. ಶಾಂತಲೆಯನ್ನಾಗಲಿ ಬಸ್ತಿಹಳ್ಳಿಯನ್ನಾಗಲಿ ಕೇಳಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೊನೆಯ ಅಕ್ಷರಗಳೂ ಡಿ, ಬಿ, ಸಿ, ಎ ಎಂದು ಬೇರೆಬೇರೆಯಾಗಿರುವುದರಿಂದ ಕೊನೆಯ ಘಟನೆಯೊಂದೇ ಗೊತ್ತಿದ್ದರೂ ಸಾಕು. ನೋಡಲು ಕಠಿಣವಾಗಿ ಕಂಡರೂ ಒಂದೇ ಸಂಗತಿಯನ್ನು ಪರೀಕ್ಷಿಸುವ ಇಂಥ ಪ್ರಶ್ನೆಗಳು ಅವಸರದಲ್ಲಿ ತಯಾರಾದ ಪತ್ರಿಕೆಗಳಲ್ಲಿ ಹೆಚ್ಚು. ತರಬೇತಿ ಕೇಂದ್ರಗಳಲ್ಲಿ ‘ಮೊದಲನೆಯದನ್ನೋ ಕೊನೆಯದನ್ನೋ ಹಿಡಿ, ಉಳಿದದ್ದನ್ನು ಹೊಡೆದುಹಾಕು’ ಎಂದು ಹೇಳಿಕೊಡುವುದು ಈ ದೌರ್ಬಲ್ಯವನ್ನು ನೆಚ್ಚಿಯೇ. ಸರಿಯುತ್ತರವನ್ನು ಪೂರ್ತಿ ತಿರುಗಿಸಿ ಇಟ್ಟ ಸರಣಿಯೂ ಆಯ್ಕೆಗಳಲ್ಲಿ ಆಗಾಗ ಬರುತ್ತದೆ. ‘ಇತ್ತೀಚಿನದರಿಂದ ಹಿಂದಕ್ಕೆ ಜೋಡಿಸಿ’ ಎಂದು ಕೇಳಿದಾಗ ಪ್ರಶ್ನೆಯ ಕೊನೆಯ ಪದಗಳನ್ನು ಓದದವರು ಬೀಳುವುದು ಅಲ್ಲಿಯೇ.

ಅಂಕ ನೀಡುವ ಕ್ರಮ ಇನ್ನೊಂದು ಮಿತಿ. ನಾಲ್ಕು ಘಟನೆಗಳ ನಡುವೆ ಆರು ಜೋಡಿ ಸಂಬಂಧಗಳಿವೆ. ಮೂರನೆಯ ಆಯ್ಕೆ ಬರೆದವರು ಬಿ ಮತ್ತು ಡಿಯನ್ನಷ್ಟೇ ಅದಲು ಬದಲು ಮಾಡಿರುತ್ತಾರೆ, ಆರರಲ್ಲಿ ಐದು ಸಂಬಂಧ ಸರಿಯಾಗಿಯೇ ಇರುತ್ತದೆ. ಎಲ್ಲವನ್ನೂ ತಲೆಕೆಳಗು ಮಾಡಿದವರ ಆರೂ ತಪ್ಪು. ಇಬ್ಬರಿಗೂ ಸಿಗುವ ಅಂಕ ಒಂದೇ, ಸೊನ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಕಡೆ ಅದಕ್ಕಿಂತಲೂ ಕೆಳಗೆ. ಕೇಂದ್ರ ಲೋಕಸೇವಾ ಆಯೋಗ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗವನ್ನು ಕಳೆಯುತ್ತದೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಒಂದು ಜೋಡಿ ಗೊತ್ತಿದ್ದು ಆಯ್ಕೆಗಳು ಎರಡಕ್ಕೆ ಇಳಿದರೆ, ಎರಡು ಅಂಕದ ಪ್ರಶ್ನೆಯಲ್ಲಿ ಸರಾಸರಿ ಮೂರನೇ ಎರಡು ಅಂಕದಷ್ಟು ಲಾಭವಿದೆ. ಅರ್ಧ ತಿಳಿವಳಿಕೆಗೆ ನೇರವಾಗಿ ಅಂಕ ಸಿಗದಿದ್ದರೂ ಹೀಗೆ ಸುತ್ತುದಾರಿಯಲ್ಲಿ ಸ್ವಲ್ಪ ಬೆಲೆ ಬರುತ್ತದೆ.

ಈ ಪ್ರಕಾರದ ಪ್ರಶ್ನೆಗಳು ಕೆಡುವುದು ಮುಖ್ಯವಾಗಿ ಘಟನೆಯ ಆಯ್ಕೆಯಲ್ಲಿ. ಮೇಲಿನ ಪ್ರಶ್ನೆಯಲ್ಲಿ ಎ ಘಟನೆಯ ಬದಲು ‘ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣ’ ಎಂದು ಬರೆದರೆ ಪ್ರಶ್ನೆ ಅಲ್ಲೇ ಸಡಿಲವಾಗುತ್ತದೆ. ಆ ದೇವಾಲಯದ ಕೆಲಸ 1121ರ ಸುಮಾರಿಗೆ ಆರಂಭವಾಯಿತು, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಹೆಸರು ಅದರೊಂದಿಗೆ ಸೇರಿದೆ. ಕೆತ್ತನೆಯ ಕೆಲಸ ಮಾತ್ರ ಮುಂದಿನ ದಶಕಗಳವರೆಗೂ, ವಿಷ್ಣುವರ್ಧನನ ಮಗ ನರಸಿಂಹನ ಆಳ್ವಿಕೆಯೊಳಕ್ಕೂ ಸಾಗಿತು. ಆರಂಭವನ್ನು ಹಿಡಿದರೆ ಅದು ಬಸ್ತಿಹಳ್ಳಿಯ ಬಸದಿಗಿಂತ ಹಿಂದಿನದು, ಮುಗಿದದ್ದನ್ನು ಹಿಡಿದರೆ ಮುಂದಿನದು. 1133ರಲ್ಲಿ ಬಸದಿಯಲ್ಲಿ ಪ್ರತಿಷ್ಠೆ ನಡೆಯುತ್ತಿದ್ದಾಗ ಪಕ್ಕದಲ್ಲೇ ಹೊಯ್ಸಳೇಶ್ವರದ ಕೆಲಸ ಇನ್ನೂ ನಡೆಯುತ್ತಿತ್ತು ಎಂಬುದು ನಿಜ ಸ್ಥಿತಿ. ‘ನಿರ್ಮಾಣ’ ಎಂಬ ಪದ ಒಂದು ಅವಧಿಯನ್ನು ಹೇಳುತ್ತದೆ, ‘ಪ್ರತಿಷ್ಠೆ’ ಒಂದು ದಿನವನ್ನು ಹೇಳುತ್ತದೆ. ಸರಣಿಯಲ್ಲಿ ನಿಲ್ಲಬಲ್ಲದ್ದು ಎರಡನೆಯದು. ಪಠ್ಯಪುಸ್ತಕಗಳ ಕೋಷ್ಟಕದಲ್ಲಿ ದೇವಾಲಯದ ಮುಂದೆ ಒಂದೇ ಇಸವಿ ಅಚ್ಚಾಗಿರುವುದರಿಂದ ಈ ವ್ಯತ್ಯಾಸ ಕಾಣದೆ ಹೋಗುತ್ತದೆ, ಆ ಕೋಷ್ಟಕದಿಂದಲೇ ಪ್ರಶ್ನೆಗಳು ಹುಟ್ಟುತ್ತವೆ.

ಇನ್ನೊಂದು ತೊಡಕು ವಿದ್ವಾಂಸರಲ್ಲಿ ಒಮ್ಮತವಿಲ್ಲದ ಇಸವಿಗಳದು. ವಿಷ್ಣುವರ್ಧನನ ಆಳ್ವಿಕೆ 1152ರಲ್ಲಿ ಕೊನೆಗೊಂಡಿತೆಂದು ಅನೇಕ ಪುಸ್ತಕಗಳು ಹೇಳುತ್ತವೆ, 1141-42ರಲ್ಲೇ ಅವನು ತೀರಿಕೊಂಡನೆಂದು ಹೇಳುವವರೂ ಇದ್ದಾರೆ. ಬಸ್ತಿಹಳ್ಳಿಯ ಶಾಸನ ಇಲ್ಲಿ ಕುತೂಹಲಕರ. ನರಸಿಂಹ ಹುಟ್ಟಿದ್ದು 1133ರಲ್ಲಿ ಎಂಬುದು ನಮಗೆ ಅದರಿಂದ ತಿಳಿಯುತ್ತದೆ. ಮೊದಲ ಅಭಿಪ್ರಾಯ ಸರಿಯಾದರೆ ಅವನು ಪಟ್ಟಕ್ಕೆ ಬಂದಾಗ ಹತ್ತೊಂಬತ್ತರ ತರುಣ, ಎರಡನೆಯದು ಸರಿಯಾದರೆ ಎಂಟೊಂಬತ್ತರ ಬಾಲಕ. ಇಷ್ಟು ದೊಡ್ಡ ಭೇದವಿರುವ ಘಟನೆಯನ್ನು ಪ್ರಶ್ನೆಯಲ್ಲಿ ಬಳಸಲೇಬಾರದೇ ಎಂದರೆ, ಹಾಗೇನಿಲ್ಲ. ‘ವಿಷ್ಣುವರ್ಧನನ ಮರಣ’ವನ್ನು 1133ರ ಬಸದಿಗೂ 1173ರಲ್ಲಿ ಇಮ್ಮಡಿ ಬಲ್ಲಾಳ ಪಟ್ಟವೇರಿದ್ದಕ್ಕೂ ನಡುವೆ ಇಟ್ಟರೆ, ಯಾವ ಅಭಿಪ್ರಾಯ ಹಿಡಿದರೂ ಸ್ಥಾನ ಬದಲಾಗುವುದಿಲ್ಲ. ಅದನ್ನೇ 1145ರ ಒಂದು ಘಟನೆಯ ಪಕ್ಕ ಇಟ್ಟರೆ ಉತ್ತರ ಎರಡಾಗುತ್ತದೆ. ಇಸವಿಯನ್ನು ಒಂದು ಚುಕ್ಕೆ ಎಂದುಕೊಳ್ಳದೆ, ‘ಇದಕ್ಕಿಂತ ಹಿಂದಲ್ಲ, ಇದಕ್ಕಿಂತ ಮುಂದಲ್ಲ’ ಎಂಬ ಎರಡು ಗಡಿಗಳೆಂದು ಬರೆದುಕೊಂಡು, ಆ ಅವಧಿಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂದು ನೋಡುವುದು ಪ್ರಶ್ನೆ ತಯಾರಿಸುವವರ ಮೊದಲ ಕೆಲಸ. ತಲಕಾಡಿನ ವಿಷಯದಲ್ಲೂ ಹೀಗೆಯೇ. ಆ ದಂಡಯಾತ್ರೆ ಯಾವ ವರ್ಷ ಶುರುವಾಯಿತು, ಕೋಟೆ ಯಾವ ತಿಂಗಳು ಬಿತ್ತು ಎಂಬಲ್ಲಿ ಭೇದಗಳಿದ್ದರೂ ಪುಸ್ತಕಗಳು ಅದನ್ನು ಬೇಲೂರಿನ ಪ್ರತಿಷ್ಠೆಗಿಂತ ಹಿಂದೆಯೇ ಇಡುತ್ತವೆ, ಆದ್ದರಿಂದ ಉತ್ತರ ಅಲುಗುವುದಿಲ್ಲ.

ಒಂದೇ ವರ್ಷದೊಳಗೆ ಬರುವ ಘಟನೆಗಳು ಮೂರನೆಯ ತೊಡಕು. ಬಸ್ತಿಹಳ್ಳಿಯಲ್ಲಿ 1133 ಎಂಬ ಒಂದೇ ವರ್ಷಕ್ಕೆ ಎಷ್ಟೊಂದು ಸಂಗತಿಗಳು ಸೇರಿಕೊಂಡಿವೆ ನೋಡಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ. ಅವನ ನೆನಪಿಗೆ ಮಗ ಬೊಪ್ಪದೇವ ದೋರಸಮುದ್ರದಲ್ಲಿ ಬಸದಿ ಕಟ್ಟಿಸಿದ, ಅದಕ್ಕೆ ತಂದೆಯ ಬಿರುದಿನಿಂದ ದ್ರೋಹಘರಟ್ಟ ಜಿನಾಲಯ ಎಂಬ ಹೆಸರಿತ್ತು. ಪಾರ್ಶ್ವನಾಥನ ಪ್ರತಿಷ್ಠೆ ನಡೆಯಿತು. ಅರ್ಚಕರು ಗಂಧೋದಕವನ್ನೂ ಶೇಷವನ್ನೂ ಹಿಡಿದು ಬಂಕಾಪುರದಲ್ಲಿದ್ದ ರಾಜನ ಬಳಿ ಹೋದರು. ಅಷ್ಟರಲ್ಲಿ ರಾಜ ಮಸಣನೆಂಬ ಎದುರಾಳಿಯನ್ನು ಸೋಲಿಸಿ ಕೊಂದಿದ್ದ, ರಾಣಿ ಗಂಡುಮಗುವನ್ನು ಹಡೆದಿದ್ದಳು. ಎರಡು ಶುಭವಾರ್ತೆಗಳ ನಡುವೆ ಬಂದ ಪ್ರಸಾದವನ್ನು ಅವನು ಎದ್ದು ನಿಂತು ಸ್ವೀಕರಿಸಿ, ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ಗೆಲುವೂ ಮಗನೂ ದೊರೆತವೆಂದು ಸಂತೋಷಪಟ್ಟು, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹದೇವನೆಂದೂ ಹೆಸರಿಟ್ಟ.

ಇಸವಿಗಳ ಪಟ್ಟಿ ಇಟ್ಟುಕೊಂಡು ಇದರ ಮೇಲೆ ಪ್ರಶ್ನೆ ಮಾಡಲಾಗದು. ಎಲ್ಲದರ ಮುಂದೆಯೂ 1133 ಎಂದೇ ಇರುತ್ತದೆ. ಶಾಸನದ ಕಥೆಯನ್ನು ತಿಳಿದು ಮಾಡಿದರೆ ಬಹಳ ಒಳ್ಳೆಯ ಪ್ರಶ್ನೆಯಾಗುತ್ತದೆ. ಗಂಗರಾಜನ ಮರಣ, ಪಾರ್ಶ್ವನಾಥನ ಪ್ರತಿಷ್ಠೆ, ಪ್ರಸಾದ ಬಂಕಾಪುರ ತಲುಪಿದ್ದು, ದೇವರಿಗೆ ವಿಜಯಪಾರ್ಶ್ವನೆಂಬ ಹೆಸರು ಬಂದದ್ದು. ಈ ನಾಲ್ಕರ ಕ್ರಮವನ್ನು ಯಾರೂ ಅಲ್ಲಗಳೆಯಲಾರರು, ಒಂದಿಲ್ಲದೆ ಮುಂದಿನದು ಆಗುವಂತಿಲ್ಲ. ಗೆಲುವು ಮತ್ತು ಮಗುವಿನ ಜನನವನ್ನು ಮಾತ್ರ ಆ ಸರಣಿಯಲ್ಲಿ ಸೇರಿಸಬಾರದು. ಪ್ರಸಾದ ತಲುಪುವ ಮೊದಲೇ ಅವೆರಡೂ ನಡೆದಿದ್ದವು ಎಂಬುದು ಶಾಸನದಿಂದ ಸ್ಪಷ್ಟ. ಅವೆರಡರಲ್ಲಿ ಯಾವುದು ಮುಂಚೆ ಎಂದು ಕೇಳಿದರೆ ಉತ್ತರಕ್ಕೆ ಆಧಾರ ಸಾಲದು. ಪ್ರತಿಷ್ಠೆಯ ಪುಣ್ಯದಿಂದ ಗೆಲುವು ಬಂತೆಂಬ ರಾಜನ ಮಾತು ಭಕ್ತಿಯ ಮಾತು, ಅದನ್ನು ದಿನಾಂಕದಂತೆ ಓದಬಾರದು.

ಶಾಸನಗಳ ತೇದಿಯನ್ನು ಕ್ರಿಸ್ತಶಕಕ್ಕೆ ತರುವಾಗ ಒಂದು ವರ್ಷದ ತಪ್ಪು ಸುಲಭವಾಗಿ ನುಸುಳುತ್ತದೆ, ಒತ್ತೊತ್ತಾಗಿರುವ ಘಟನೆಗಳಲ್ಲಿ ಆ ಒಂದು ವರ್ಷವೇ ಕ್ರಮ ಕೆಡಿಸುತ್ತದೆ. ಬೇಲೂರಿನ ಪ್ರತಿಷ್ಠೆ ಶಕ 1039ರ ಹೇವಿಳಂಬಿ ಸಂವತ್ಸರದ ಚೈತ್ರದಲ್ಲಿ. 78 ಕೂಡಿಸಿದರೆ 1117, ಇದು ಸರಿ. ಆದರೆ ಮಾಘ, ಫಾಲ್ಗುಣಗಳು ಬರುವ ಹೊತ್ತಿಗೆ ಜನವರಿ ದಾಟಿ ಕ್ರಿಸ್ತಶಕದ ವರ್ಷ ಬದಲಾಗಿರುತ್ತದೆ, ಶಕವರ್ಷ ಬದಲಾಗುವುದು ಯುಗಾದಿಗೆ. ಆ ತಿಂಗಳುಗಳಿಗೆ 79 ಕೂಡಿಸಬೇಕು. ಮಲಿಕ್ ಕಾಫೂರನ ಸೇನೆ ದೋರಸಮುದ್ರಕ್ಕೆ ಬಂದದ್ದು 1311ರ ಫೆಬ್ರವರಿ ಕೊನೆಯಲ್ಲಿ. ಆಗಿನ್ನೂ ಯುಗಾದಿಯಾಗಿರಲಿಲ್ಲ, ನಡೆಯುತ್ತಿದ್ದದ್ದು ಶಕ 1232. ಯೋಚಿಸದೆ 78 ಕೂಡಿಸಿದವರಿಗೆ 1310 ಸಿಗುತ್ತದೆ. ಬರಿಯ ಸಂವತ್ಸರದ ಹೆಸರಷ್ಟೇ ಇರುವ ಶಾಸನಗಳಲ್ಲಿ ತೊಂದರೆ ಇನ್ನೂ ಹೆಚ್ಚು: ಹೇವಿಳಂಬಿ 60 ವರ್ಷಕ್ಕೊಮ್ಮೆ ಬರುತ್ತದೆ, 1117 ಆದರೆ 1177 ಕೂಡ ಹೇವಿಳಂಬಿಯೇ. ಅಲ್ಲಿ ರಾಜನ ಹೆಸರು, ಲಿಪಿಯ ಬಗೆ ನೋಡಿ ತೀರ್ಮಾನಿಸಬೇಕು.

ಹೊಯ್ಸಳರ ಕೊನೆಯ ದಿನಗಳ ಮೇಲಿನ ಪ್ರಶ್ನೆಗಳಲ್ಲಿ ಬೇರೊಂದು ಬಗೆಯ ತಪ್ಪು ಆಗುತ್ತದೆ. ಒಂದು ರಾಜವಂಶ ಮುಗಿದ ಮೇಲೆ ಮತ್ತೊಂದು ಶುರುವಾಗುತ್ತದೆ ಎಂಬ ಪಾಠದ ಕ್ರಮ ಮನಸ್ಸಿನಲ್ಲಿ ಬೇರೂರಿರುತ್ತದೆ. ಮಲಿಕ್ ಕಾಫೂರನ ದಾಳಿ, ಮುಮ್ಮಡಿ ಬಲ್ಲಾಳನ ಮರಣ, ವಿಜಯನಗರದ ಸ್ಥಾಪನೆ ಎಂಬ ಮೂರನ್ನು ಕೊಟ್ಟರೆ ಬಹಳ ಜನ ಅದೇ ಕ್ರಮದಲ್ಲಿ ಬರೆಯುತ್ತಾರೆ. ಬಲ್ಲಾಳ ದಾಳಿಯ ನಂತರವೂ ಮೂರು ದಶಕ ಆಳಿದ, ಮಧುರೆಯ ಸುಲ್ತಾನನ ಎದುರಿನ ಹೋರಾಟದಲ್ಲಿ ಸತ್ತ. ಆ ಸಾವನ್ನು ಕೆಲವರು 1342 ಎನ್ನುತ್ತಾರೆ, ಕೆಲವರು 1343. ವಿಜಯನಗರದ ಸ್ಥಾಪನೆಗೆ ರೂಢಿಯಲ್ಲಿರುವ ವರ್ಷ 1336. ಹಾಗಾಗಿ ಬಲ್ಲಾಳನ ಮರಣವೇ ಕೊನೆಯದು, ಒಂದು ವರ್ಷದ ಭೇದದಿಂದ ಅದು ಬದಲಾಗುವುದೂ ಇಲ್ಲ. ಅಧ್ಯಾಯಗಳು ಒಂದರ ನಂತರ ಒಂದು ಬಂದರೂ ರಾಜ್ಯಗಳು ಒಂದರ ಪಕ್ಕ ಒಂದು ಇದ್ದವು ಎಂದು ಬಲ್ಲವರನ್ನು ಈ ಪ್ರಶ್ನೆ ಬೇರ್ಪಡಿಸುತ್ತದೆ. ಇಂಥ ಪ್ರಶ್ನೆಗಳೇ ಈ ಪ್ರಕಾರದ ನಿಜವಾದ ಸಾಮರ್ಥ್ಯ ಎನ್ನಬಹುದು.

ಅಂಕಿಗಳ ಹೋಲಿಕೆಯಿಂದ ಆಗುವ ತಪ್ಪಿಗೂ ಬಸ್ತಿಹಳ್ಳಿಯಲ್ಲಿ ಉದಾಹರಣೆಯಿದೆ. ಜೈನರ ಮತ್ತು ಶ್ರೀವೈಷ್ಣವರ ನಡುವಿನ ವ್ಯಾಜ್ಯವನ್ನು ಬುಕ್ಕರಾಯ ಬಗೆಹರಿಸಿದ ಶ್ರವಣಬೆಳಗೊಳದ ಶಾಸನ 1368ರದು. ಜೈನರ ಮತ್ತು ವೀರಶೈವರ ನಡುವಿನ ವ್ಯಾಜ್ಯ ರಾಜಿಯಾದುದನ್ನು ಹೇಳುವ ಬಸ್ತಿಹಳ್ಳಿಯ ಶಾಸನ 1638ರದು. ಎರಡರಲ್ಲೂ ಜೈನರಿದ್ದಾರೆ, ಎರಡರಲ್ಲೂ ಒಪ್ಪಂದವಿದೆ, ಅಂಕಿಗಳೂ ಅವೇ, ಸ್ಥಾನ ಮಾತ್ರ ಬೇರೆ. ಕೇವಲ ಇಸವಿ ನೆನಪಿಟ್ಟುಕೊಂಡವರು ಇವೆರಡನ್ನು ಬೆರೆಸುವುದು ಸಹಜ. ಸಂದರ್ಭ ಗೊತ್ತಿದ್ದವರಿಗೆ ಗೊಂದಲವಿಲ್ಲ: ಒಂದು ವಿಜಯನಗರದ ಆರಂಭದ ಅರಸನ ತೀರ್ಪು, ಇನ್ನೊಂದು ವಿಜಯನಗರ ಕುಸಿದ ಬಳಿಕ ಬೇಲೂರಿನ ವೆಂಕಟಾದ್ರಿ ನಾಯಕನ ಆಳ್ವಿಕೆಯಲ್ಲಿ ಎರಡೂ ಕಡೆಯ ಮುಖಂಡರು ಸೇರಿ ಮಾಡಿಕೊಂಡ ರಾಜಿ. 1368, 1565ರ ತಾಳಿಕೋಟೆ ಯುದ್ಧ, 1638 ಎಂದು ನಡುವೆ ಒಂದು ಗುರುತು ನೆಟ್ಟರೆ ಎರಡು ಶಾಸನಗಳೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ.

ಆ 1638ರ ಶಾಸನದ ಒಳಗೂ ಒಂದು ಸರಣಿ ಇದೆ. ಹುಚ್ಚಪ್ಪದೇವ ಎಂಬಾತ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಎರಡೂ ಸಮುದಾಯದ ಹಿರಿಯರು ಕೂಡಿದರು. ಮೊದಲು ವಿಭೂತಿ, ವೀಳ್ಯ ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆಯನ್ನು ಮೊದಲಿನಂತೆ ನಡೆಸಿಕೊಂಡು ಬರಬಹುದೆಂದು ತೀರ್ಮಾನವಾಗಿ, ಆ ತೀರ್ಮಾನ ಕಲ್ಲಿನ ಮೇಲೆ ಬಂತು. ಪ್ರಶ್ನೆಪತ್ರಿಕೆಗೆ ಇದನ್ನು ತರುವಾಗ ಒಂದು ಎಚ್ಚರ ಬೇಕು. ನಮಗೆ ತಿಳಿದ ವರ್ಷ ರಾಜಿಯ ಶಾಸನದ್ದು, ಮುದ್ರೆ ಹಾಕಿದ ದಿನದ್ದಲ್ಲ. ಹಾಗಾಗಿ ‘ಲಿಂಗಮುದ್ರೆ ಹಾಕಿದ್ದು, 1638’ ಎಂದು ಕೀ ಉತ್ತರದಲ್ಲಿ ಬರೆದರೆ ಅದು ತಪ್ಪು, ‘1638ರ ರಾಜಿಗಿಂತ ಮೊದಲು’ ಎಂದು ಬರೆದರೆ ಸರಿ. ಕೀ ಉತ್ತರ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸುವವರು ಸಾಮಾನ್ಯವಾಗಿ ಪುಸ್ತಕದ ಪುಟವನ್ನು ಲಗತ್ತಿಸುತ್ತಾರೆ. ಪುಸ್ತಕದಲ್ಲಿ ಅಚ್ಚಾದ ಇಸವಿ ಘಟನೆಯದೋ, ಘಟನೆಯನ್ನು ದಾಖಲಿಸಿದ ಶಾಸನದ್ದೋ ಎಂಬುದನ್ನು ಆಕ್ಷೇಪಿಸುವವರೂ ಪರಿಶೀಲಿಸುವ ತಜ್ಞರೂ ಮೊದಲು ನೋಡಬೇಕಾಗುತ್ತದೆ. ಹೊಯ್ಸಳರ ಕಾಲದ ಕಾಲಾನುಕ್ರಮ ಪ್ರಶ್ನೆಗಳಲ್ಲಿ ತಕರಾರು ಬರಬಹುದಾದ ಜಾಗ ಅದು. ಅಂಥ ಕಡೆ ಪ್ರಶ್ನೆಯ ಒಕ್ಕಣೆಯಲ್ಲೇ ‘ಶಾಸನದ ತೇದಿಯ ಪ್ರಕಾರ’ ಎಂದು ಸೇರಿಸಿದರೆ ವಿವಾದಕ್ಕೆ ಎಡೆ ಉಳಿಯುವುದಿಲ್ಲ.